ಕಲೆಗೊಂದು ಜೊತೆ

ಮೂಗಿನ ಬುಡದಿಂದ ಇಳಿಯುವ ಸಣ್ಣ ಕಾಲುವೆ ಮೇಲ್ದುಟಿಯನ್ನು ಮುಟ್ಟುವ ಕಡೆ ಎರಡು ಏರು, ನಡುವೆ ಒಂದು ತಗ್ಗು ಇರುತ್ತದೆ. ನಮ್ಮ ಕಸುಬಿನಲ್ಲಿ ಅದನ್ನು ಕ್ಯುಪಿಡ್ಸ್ ಬೋ ಅನ್ನುತ್ತೇವೆ. ಕ್ಯುಪಿಡ್ ಅಂದರೆ ಅವರ ಮನ್ಮಥ, ಬೋ ಅಂದರೆ ಬಿಲ್ಲು. ನಮ್ಮ ಮನ್ಮಥನದು ಕಬ್ಬಿನ ಬಿಲ್ಲು. ಕೊಳ್ಳೇಗಾಲದ ನನ್ನ ಪಾರ್ಲರಿಗೆ ಬರುವ ಹೆಣ್ಣುಮಕ್ಕಳಿಗೆ ಇದನ್ನು ಹೇಳಿದರೆ, ‘ನಮ್ಮಪ್ಪನ ಗದ್ದೇಲಿ ಬೇಕಾದಷ್ಟು ಬಿಲ್ಲು ಅದೆ ಕಣಕ್ಕ’ ಅಂತ ನಗುತ್ತಾರೆ. ನಗುವಾಗ ಯಾರ ಬಿಲ್ಲೂ ಸಮನಾಗಿರುವುದಿಲ್ಲ. ಹದಿನಾಲ್ಕು ವರ್ಷದಿಂದ ತುಟಿಗಳನ್ನು ಹತ್ತಿರದಿಂದ ನೋಡುತ್ತಿದ್ದೇನೆ. ಎರಡು ಏರೂ ಒಂದೇ ಎತ್ತರದಲ್ಲಿರುವ ತುಟಿ ಅಪರೂಪ. ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆಯನ್ನು ಯಾರೂ ಗಮನಿಸುವುದಿಲ್ಲ. ಒಂದು ಮಿಲಿಮೀಟರ್ ದಾಟಿತೋ, ಎದುರು ಕೂತು ಮಾತಾಡುವವರ ಕಣ್ಣಿಗೆ ಬೀಳುತ್ತದೆ. ಅವರಿಗೆ ಏನು ವ್ಯತ್ಯಾಸ ಅಂತ ಹೇಳಲು ಬರುವುದಿಲ್ಲ, ಆದರೆ ಕಣ್ಣು ಅಲ್ಲಿಗೇ ಹೋಗಿ ಹೋಗಿ ಬರುತ್ತದೆ.

ಹೀಗೆ ಹುಟ್ಟಿನಿಂದ ಬಂದ ಸಣ್ಣ ಏರುಪೇರಿಗೆ ಹತ್ತು ನಿಮಿಷದ ಕೆಲಸ ಸಾಕು, ಅದನ್ನು ಯಾವ ಹುಡುಗಿಯಾದರೂ ಮೊಬೈಲಿನಲ್ಲಿ ನೋಡಿ ಕಲಿಯಬಹುದು. ನಾನು ಬರೆಯಹೊರಟಿರುವುದು ಸೀಳುತುಟಿಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲಿ ಹೊಲಿಸಿಕೊಂಡ ತುಟಿಯ ಬಗ್ಗೆ. ಮೊಬೈಲಿನಲ್ಲಿ ಹೇಳಿಕೊಡುವ ಪಾಠ ಈ ತುಟಿಯ ಮೇಲೆ ನಿಲ್ಲುವುದಿಲ್ಲ. ಯಾಕೆ ನಿಲ್ಲುವುದಿಲ್ಲ ಅನ್ನುವುದನ್ನು ಬಿಳಿಗಿರಿರಂಗನ ಬೆಟ್ಟದ ಮೇಲೆ ಮದುವೆಯಾದ ಒಬ್ಬ ಹುಡುಗಿಯ ತುಟಿ ಇಟ್ಟುಕೊಂಡೇ ಹೇಳಬೇಕು. ಅವಳ ಒಪ್ಪಿಗೆ ಕೇಳಿದ್ದೇನೆ. ‘ಹೆಸರು ಒಂದ್ ಹಾಕ್ಬೇಡಿ ಅಕ್ಕ, ತುಟಿ ಹಾಕ್ಕಳಿ’ ಅಂದಳು.

ಯಳಂದೂರಿನ ಹತ್ತಿರದ ಊರು. ಮದುವೆಗೆ ಮೂರು ವಾರ ಇರುವಾಗ ತಾಯಿ ಮಗಳು ಇಬ್ಬರೂ ಬಂದರು. ಹುಡುಗಿ ಕುರ್ಚಿಯಲ್ಲಿ ಕೂತು ಮಾಸ್ಕ್ ತೆಗೆದಳು. ಕೊರೋನಾ ಹೋಗಿ ವರ್ಷಗಳಾದರೂ ಅವಳು ಮಾಸ್ಕ್ ಬಿಟ್ಟಿರಲಿಲ್ಲ. ಅವಳ ಎಡಗಡೆ ಮೂಗಿನ ಹೊಳ್ಳೆಯ ಕೆಳಗಿಂದ ತುಟಿಯವರೆಗೆ ಒಂದು ಗೆರೆ. ಸೀಳುತುಟಿ ಒಂದೇ ಬದಿಗಿದ್ದರೆ ಎಡಕ್ಕೇ ಇರುವುದು ಹೆಚ್ಚು. ಐದನೇ ವರ್ಷದಲ್ಲಿ ಒಂದು ಉಚಿತ ಶಿಬಿರದಲ್ಲಿ ಹೊಲಿಸಿದ್ದರಂತೆ. ಹೊಲಿಗೆ ಒಳ್ಳೆಯದೇ. ಆದರೆ ಎಡಗಡೆಯ ಏರು ಮೂಗಿನ ಕಡೆಗೆ ಎಳೆದುಕೊಂಡಿತ್ತು, ಅದರ ಕೆಳಗೆ ಮೇಲ್ದುಟಿಯ ಅಂಚಿನಲ್ಲಿ ಒಂದು ಸಣ್ಣ ಕಚ್ಚು. ಬಾಯಿ ಮುಚ್ಚಿದರೂ ಅಲ್ಲಿ ಹಲ್ಲಿನ ಚೂರು ಬಿಳುಪು ಕಾಣುತ್ತಿತ್ತು.

‘ಏನೂ ಕಾಣ್ದಂಗೆ ಮಾಡ್ಬುಡಿ ಕಣವ್ವ. ಎಷ್ಟಾದ್ರೂ ಆಗ್ಲಿ’ ಅಂದರು ತಾಯಿ. ಹುಡುಗಿ ಏನೂ ಅನ್ನಲಿಲ್ಲ.

ಆ ಗೆರೆ ಯಾಕೆ ಅಲ್ಲೇ ಇದೆ ಅನ್ನುವುದು ಗೊತ್ತಿದ್ದರೆ ನಮ್ಮ ಕೆಲಸ ಅರ್ಧ ಮುಗಿದಂತೆ. ಅಮೆರಿಕದ ರಾಲ್ಫ್ ಮಿಲಾರ್ಡ್ ಎಂಬ ಸರ್ಜನ್ 1950ರ ದಶಕದಲ್ಲಿ ಕಂಡುಕೊಂಡ ಒಂದು ವಿಧಾನವನ್ನು ಇವತ್ತಿಗೂ ಪ್ರಪಂಚದ ಎಲ್ಲಾ ಕಡೆ, ಸಣ್ಣಪುಟ್ಟ ಬದಲಾವಣೆ ಮಾಡಿಕೊಂಡು, ಬಳಸುತ್ತಾರೆ. ಸೀಳಿನ ಒಂದು ಬದಿಯ ತುಟಿಯನ್ನು ಕೆಳಕ್ಕೆ ತಿರುಗಿಸಿ, ಇನ್ನೊಂದು ಬದಿಯದನ್ನು ಮುಂದಕ್ಕೆ ತಂದು ಕೂಡಿಸುವುದು. ಇದರ ಜಾಣತನ ಏನೆಂದರೆ ಹೊಲಿಗೆಯ ಗೆರೆ ಎಲ್ಲೆಲ್ಲೋ ಬೀಳದೆ, ಮೂಗಿನ ಕೆಳಗಿನ ಕಾಲುವೆಗೆ ಎರಡು ದಡಗಳಿವೆಯಲ್ಲ, ಅದರಲ್ಲಿ ಒಂದು ದಡದ ಮೇಲೇ ಬೀಳುತ್ತದೆ. ಅಂದರೆ ಅವಳ ಕಲೆ ಇರುವ ಜಾಗದಲ್ಲಿ ಎಲ್ಲರಿಗೂ ಒಂದು ಏಣು ಇದ್ದೇ ಇರುತ್ತದೆ. ಇವಳಿಗೆ ಎಡಗಡೆ ದಡ ಹೊಲಿಗೆಯದು, ಬಲಗಡೆ ದಡ ಹುಟ್ಟಿನದು. ಎಡದ್ದು ಎದ್ದು ಕಾಣುತ್ತದೆ, ಬಲದ್ದು ಮಬ್ಬಾಗಿದೆ, ಅಷ್ಟೆ.

ಇದನ್ನು ತಾಯಿಗೆ ಹೇಳಿದೆ. ಕಲೆ ಮುಚ್ಚಲು ಹೋಗುವುದಿಲ್ಲ, ಮುಚ್ಚಲು ಆಗುವುದೂ ಇಲ್ಲ. ಬಣ್ಣ ಹಚ್ಚಿದರೆ ಬಣ್ಣ ಮರೆಯಾಗುತ್ತದೆಯೇ ಹೊರತು ಉಬ್ಬು ಮರೆಯಾಗುವುದಿಲ್ಲ. ಪಕ್ಕದಿಂದ ಬೆಳಕು ಬಿದ್ದರೆ ಎಷ್ಟು ಕನ್ಸೀಲರ್ ಮೆತ್ತಿದರೂ ಉಬ್ಬಿಗೆ ನೆರಳಿರುತ್ತದೆ. ಮೆತ್ತಿದಷ್ಟೂ ಅದು ಗೋಡೆಗೆ ಸಿಮೆಂಟ್ ಹಾಕಿ ತೇಪೆ ಮಾಡಿದ ಹಾಗೆ ಕಾಣುತ್ತದೆ. ಅದರ ಬದಲು ಬಲಗಡೆಯ ದಡವನ್ನು ಅಷ್ಟೇ ಎದ್ದು ಕಾಣುವ ಹಾಗೆ ಮಾಡುತ್ತೇನೆ ಅಂದೆ. ಒಂಟಿ ಗೆರೆ ಇದ್ದರೆ ಕಲೆ, ಎರಡಿದ್ದರೆ ಜೋಡಿ. ತಾಯಿಗೆ ಇದು ಹಿಡಿಸಲಿಲ್ಲ. ‘ಇರೋದ ಮುಚ್ಚಿ ಅಂದ್ರೆ ಇನ್ನೊಂದ ಬರೀತೀನಿ ಅಂತಿದ್ದೀರಲ್ಲ’ ಅಂದರು. ಹುಡುಗಿ ಆಗ ಮೊದಲ ಸಲ ನಕ್ಕಳು. ಆ ನಗುವಿನಲ್ಲಿ ನನಗೆ ಬೇಕಾದ ಇನ್ನೊಂದು ವಿಷಯ ಸಿಕ್ಕಿತು. ನಕ್ಕಾಗ ಅವಳ ಎಡ ಏರು ಇನ್ನೂ ಮೇಲೆ ಹೋಗುತ್ತಿತ್ತು.

ಮಧ್ಯೆ ಒಂದು ಮಾತು. ಮದುವೆಗೆ ಮುಂಚೆ ಇನ್ನೊಂದು ಆಪರೇಶನ್ ಮಾಡಿಸಿದರೆ ಹೇಗೆ ಅಂತಲೂ ಕೇಳಿದರು. ದೊಡ್ಡವರಾದ ಮೇಲೆ ತುಟಿಯನ್ನು ಉದ್ದ ಮಾಡುವ, ಕಚ್ಚು ತುಂಬುವ ಶಸ್ತ್ರಚಿಕಿತ್ಸೆ ಇದೆ. ಆದರೆ ಹೊಸ ಹೊಲಿಗೆ ಮೊದಲ ಕೆಲವು ತಿಂಗಳು ಕೆಂಪಗೆ, ಗಟ್ಟಿಯಾಗಿ, ಇನ್ನಷ್ಟು ಎಳೆದುಕೊಂಡು ಇರುತ್ತದೆ. ಮೆತ್ತಗಾಗಿ ಬಣ್ಣ ಇಳಿಯಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಮೂರು ವಾರದಲ್ಲಿ ಅದು ಆಗದ ಮಾತು. ತುಟಿಗೆ ಹಚ್ಚೆ ಹಾಕಿಸಿ ಅಂತ ಬೆಂಗಳೂರಿನಲ್ಲಿರುವ ಅವರ ನೆಂಟರೊಬ್ಬರು ಹೇಳಿದ್ದರಂತೆ. ಹೊಲಿಗೆಯ ಚರ್ಮ ಹಚ್ಚೆಯ ಬಣ್ಣವನ್ನು ಒಂದೇ ಸಮ ಹಿಡಿಯುವುದಿಲ್ಲ. ತಪ್ಪಾದರೆ ಒರೆಸಿ ತೆಗೆಯುವ ಹಾಗೂ ಇಲ್ಲ. ಅದು ಬೇಡವೇ ಬೇಡ ಅಂದೆ.

ಅವತ್ತೇ ಅಳತೆ ತೆಗೆದೆ. ಕುರ್ಚಿಯನ್ನು ಹಿಂದಕ್ಕೆ ಒರಗಿಸಿ ತುಟಿ ಬರೆಯುವವರನ್ನು ನೋಡಿದ್ದೇನೆ. ಮಲಗಿದಾಗ ಕೆನ್ನೆಯ ಭಾರ ಹಿಂದಕ್ಕೆ ಹೋಗಿ ತುಟಿಯ ಆಕಾರವೇ ಬೇರೆಯಾಗುತ್ತದೆ. ನೇರ ಕೂರಿಸಿ, ನನ್ನ ಕಣ್ಣು ಅವಳ ಬಾಯಿಯ ಮಟ್ಟಕ್ಕೆ ಬರುವ ಹಾಗೆ ಸ್ಟೂಲಿನ ಮೇಲೆ ನಾನೂ ಕೂರುತ್ತೇನೆ. ಮೊದಲು ಮುಖದ ನಡುಗೆರೆ ಗೊತ್ತಾಗಬೇಕು. ಸಾಮಾನ್ಯವಾಗಿ ಮೂಗಿನ ತುದಿ ನೋಡಿ ಅದರ ನೇರಕ್ಕೆ ತುಟಿಯ ನಡುತಗ್ಗು ಅಂತ ಗುರುತು ಹಾಕುತ್ತಾರೆ. ಸೀಳುತುಟಿಯವರಲ್ಲಿ ಮೂಗಿನ ನಡುಗೋಡೆಯೇ ಒಂದು ಕಡೆಗೆ ಸರಿದಿರುತ್ತದೆ, ಹಲ್ಲುಗಳ ನಡುವೂ ಸರಿದಿರಬಹುದು. ಅವನ್ನು ನಂಬಿ ಹೊರಟರೆ ಇಡೀ ಬಿಲ್ಲು ಓರೆಯಾಗುತ್ತದೆ. ನಾನು ಹೊಲಿಗೆ ದಾರ ಹಿಡಿಯುತ್ತೇನೆ. ಎರಡು ಕಣ್ಣಿನ ಒಳಮೂಲೆಗಳ ನಡುವಿನಿಂದ ಗಲ್ಲದ ನಡುವಿಗೆ ದಾರ ಇಳಿಬಿಟ್ಟರೆ ಮುಖದ ನಿಜವಾದ ನಡುಗೆರೆ ಸಿಗುತ್ತದೆ. ಇವಳ ನಡುತಗ್ಗು ದಾರಕ್ಕಿಂತ ಚೂರು ಬಲಕ್ಕೆ ಇತ್ತು.

ಆಮೇಲೆ ಮೂಗಿನ ಬುಡದಿಂದ ಏರಿಗೆ ಎಷ್ಟು ದೂರ ಅಂತ ಅಳೆದೆ. ಬಲಗಡೆ 14 ಮಿಲಿಮೀಟರ್, ಎಡಗಡೆ 12. ಎರಡು ಮಿಲಿಮೀಟರ್ ಅಂತರ. ಕಾಗದದ ಮೇಲೆ ಎರಡು ಮಿಲಿಮೀಟರ್ ಏನೂ ಅಲ್ಲ, ತುಟಿಯ ಮೇಲೆ ಅದೊಂದು ಮೆಟ್ಟಿಲು. ಎಲ್ಲರಿಗೂ ಮೊದಲು ಹೊಳೆಯುವುದು, ತಗ್ಗಿರುವ ಬಲ ಏರನ್ನು ಲೈನರಿನಿಂದ ಎರಡು ಮಿಲಿಮೀಟರ್ ಮೇಲಕ್ಕೆ ಬರೆದುಬಿಡುವುದು. ಅದು ದೂರದ ಫೋಟೋದಲ್ಲಿ ಸರಿ, ಹತ್ತಿರದಿಂದ ಮೀಸೆಯ ಜಾಗದಲ್ಲಿ ಲಿಪ್‌ಸ್ಟಿಕ್ ಹಚ್ಚಿಕೊಂಡ ಹಾಗೆ ಕಾಣುತ್ತದೆ. ಕಾರಣ ಇದೆ. ತುಟಿಯ ಕೆಂಪು ಮುಗಿದು ಚರ್ಮ ಶುರುವಾಗುವಲ್ಲಿ ಗದ್ದೆಯ ಬದುವಿನಂತೆ ಒಂದು ತೆಳ್ಳನೆಯ ಏರಿ ಇರುತ್ತದೆ, ಬೆಳಕು ಅದರ ಮೇಲೆ ಬಿದ್ದು ಮಿಂಚುತ್ತದೆ. ಆ ಬದುವನ್ನು ದಾಟಿ ಅರ್ಧ ಮಿಲಿಮೀಟರ್ ಹೋದರೆ ಬದುವೇ ತುಟಿಯ ಭಾಗದಂತೆ ಕಾಣುತ್ತದೆ. ಒಂದಕ್ಕಿಂತ ಹೆಚ್ಚು ಹೋದರೆ ಬದು ಕೆಂಪಿನ ನಡುವೆ ಸಿಕ್ಕಿಕೊಂಡು, ಎರಡು ತುಟಿ ಒಂದರ ಮೇಲೊಂದು ಇದ್ದ ಹಾಗೆ ಆಗುತ್ತದೆ.

ಅದಕ್ಕೇ ಅಂತರವನ್ನು ಎರಡೂ ಬದಿಗೆ ಹಂಚಬೇಕು. ಎಡ ಏರನ್ನು ಕನ್ಸೀಲರಿನಿಂದ ಒಂದು ಮಿಲಿಮೀಟರ್ ಕೆಳಕ್ಕೆ ಇಳಿಸುವುದು, ಬಲ ಏರನ್ನು ಲೈನರಿನಿಂದ ಅರ್ಧ ಮಿಲಿಮೀಟರ್ ಮೇಲಕ್ಕೆ ಏರಿಸುವುದು. ಎಡಗಡೆ 13, ಬಲಗಡೆ ಹದಿಮೂರೂವರೆ. ಉಳಿದ ಅರ್ಧ ಮಿಲಿಮೀಟರನ್ನು ಹಾಗೇ ಬಿಡುವುದು, ಮೊದಲೇ ಹೇಳಿದ ಹಾಗೆ ಅಷ್ಟು ಎಲ್ಲರ ತುಟಿಯಲ್ಲೂ ಇರುತ್ತದೆ. ಅದನ್ನೂ ಸಮ ಮಾಡುತ್ತೇನೆ ಅಂತ ಹಟ ಹಿಡಿದರೆ ನಕ್ಕಾಗ ಸಿಕ್ಕಿಬೀಳುತ್ತೇವೆ. ಬಾಯಿಯ ಸುತ್ತ ಉಂಗುರದ ಹಾಗೆ ಒಂದು ಸ್ನಾಯು ಇದೆ. ಹೊಲಿಗೆ ಹಾದುಹೋದ ಕಡೆ ಅದು ಇನ್ನೊಂದು ಬದಿಯಷ್ಟು ಸಲೀಸಾಗಿ ಆಡುವುದಿಲ್ಲ. ಸುಮ್ಮನಿದ್ದಾಗ ಒಂದು ಅಳತೆ, ನಕ್ಕಾಗ ಇನ್ನೊಂದು. ಮದುಮಗಳು ದಿನವಿಡೀ ಸುಮ್ಮನೆ ಕೂರುವುದಿಲ್ಲವಲ್ಲ. ಗುರುತಿನ ಚುಕ್ಕಿಗಳನ್ನು ಇಟ್ಟ ಮೇಲೆ ಅವಳಿಂದ ‘ಪಾಪಮ್ಮ, ಬೊಮ್ಮಮ್ಮ’ ಅಂತ ಹೇಳಿಸಿದೆ. ಪ, ಬ, ಮ ಮೂರಕ್ಕೂ ತುಟಿ ಸೇರಲೇಬೇಕು. ಆಮೇಲೆ ನಗಿಸಿದೆ. ಸುಮ್ಮನಿದ್ದಾಗಿನ ಚುಕ್ಕಿಗೂ ನಕ್ಕಾಗಿನ ಚುಕ್ಕಿಗೂ ನಡುವೆ ಗೆರೆಯ ಜಾಗ ಹಿಡಿದುಕೊಂಡೆ.

ಎರಡು ಸಲ ಟ್ರಯಲ್ ಮಾಡಿದೆವು. ಮೊದಲನೆಯದಕ್ಕೂ ಮುಂಚೆ, ಬಳಸುವ ಎಲ್ಲವನ್ನೂ ಮೊಣಕೈ ಒಳಮಡಿಕೆಗೆ ಹಚ್ಚಿ ಎರಡು ದಿನ ಬಿಟ್ಟು ನೋಡಿದ್ದಾಯಿತು. ಉರಿ, ತುರಿಕೆ ಏನೂ ಬರಲಿಲ್ಲ.

ಕನ್ಸೀಲರ್ ತುಟಿಯ ಕೆಂಪಿನ ಮೇಲೆ ನಿಲ್ಲುವುದು ಕಷ್ಟ. ಚರ್ಮದಲ್ಲಿರುವ ಹಾಗೆ ತುಟಿಯಲ್ಲಿ ರಂಧ್ರ ಇಲ್ಲ, ಸದಾ ಒದ್ದೆಯಾಗುತ್ತದೆ, ಸದಾ ಅಲುಗುತ್ತದೆ. ದಪ್ಪ ಹಚ್ಚಿದರೆ ಒಂದು ಗಂಟೆಯಲ್ಲಿ ಬಿರುಕು ಬಿಟ್ಟು ಕೆರೆಯ ತಳದ ಮಣ್ಣಿನ ಹಾಗಾಗುತ್ತದೆ. ಜೊತೆಗೆ ನಮ್ಮ ಕಡೆಯವರ ತುಟಿಯಲ್ಲಿ ಕೆಂಪಿನೊಂದಿಗೆ ಕಂದು, ನೇರಳೆ ಸೇರಿರುತ್ತದೆ. ಅದರ ಮೇಲೆ ನೇರವಾಗಿ ಚರ್ಮದ ಬಣ್ಣ ಹಚ್ಚಿದರೆ ಬೂದಿ ಬಳಿದಂತೆ ಕಾಣುತ್ತದೆ. ಹಾಗಾಗಿ ಮೊದಲು ಕಿತ್ತಳೆ ಛಾಯೆಯ ಕರೆಕ್ಟರನ್ನು, ಅಂಚು ಚಪ್ಪಟೆಯಾದ ಸಣ್ಣ ಬ್ರಶ್ಶಿನಲ್ಲಿ, ಆ ಒಂದು ಮಿಲಿಮೀಟರ್ ಪಟ್ಟಿಗೆ ಮಾತ್ರ. ಅದು ಕೂತ ಮೇಲೆ ಅವಳ ಚರ್ಮದ ಬಣ್ಣದ ಕನ್ಸೀಲರ್, ಉಜ್ಜದೆ ಒತ್ತಿ ಒತ್ತಿ. ಕೊನೆಗೆ ಟಿಶ್ಯೂವಿನ ಒಂದೇ ಪದರ ಇಟ್ಟು ಅದರ ಮೇಲಿಂದ ಪೌಡರ್ ತಟ್ಟುವುದು. ಟಿಶ್ಯೂ ಜರಡಿಯ ಹಾಗೆ ಕೆಲಸ ಮಾಡುತ್ತದೆ, ಪೌಡರ್ ಗಂಟು ಕಟ್ಟುವುದಿಲ್ಲ.

ಹೊಲಿಗೆಯ ಗೆರೆಯ ಮೇಲೆ ಇನ್ನೊಂದು ತೊಂದರೆ. ಆ ಚರ್ಮ ನುಣ್ಣಗಿರುತ್ತದೆ, ಅಲ್ಲಿ ಕೂದಲೂ ಇಲ್ಲ, ರಂಧ್ರವೂ ಇಲ್ಲ, ಹಚ್ಚಿದ ಕ್ರೀಮ್ ಜಾರಿ ಪಕ್ಕಕ್ಕೆ ಬಂದು ಗೆರೆಗೆ ಹೊಸ ಅಂಚು ಕಟ್ಟುತ್ತದೆ. ಬೆರಳ ತುದಿಯ ಶಾಖದಲ್ಲಿ ಕರಗಿಸಿ ಒಂದು ತೆಳು ಪದರ, ಎರಡು ನಿಮಿಷ ಬಿಟ್ಟು ಇನ್ನೊಂದು. ಅಷ್ಟರಿಂದ ಬಣ್ಣದ ಬಿಳುಪು ಕಡಿಮೆಯಾಗುತ್ತದೆ, ಹೊಳಪು ಉಳಿಯುತ್ತದೆ. ಉಳಿದ ಆ ಹೊಳಪಿಗೇ ನಾನು ಜೊತೆ ಹುಡುಕಿದ್ದು. ಬಲಗಡೆ ದಡದ ಮೇಲೆ, ಮಿನುಗು ಕಣ ಇಲ್ಲದ ಮೆತ್ತಗಿನ ಹೈಲೈಟರನ್ನು ಕೂದಲೆಳೆಯಷ್ಟು ಅಗಲಕ್ಕೆ ಮೇಲಿಂದ ಕೆಳಗೆ ಎಳೆದೆ, ಎರಡು ದಡದ ನಡುವಿನ ಕಾಲುವೆಗೆ ಚರ್ಮಕ್ಕಿಂತ ಒಂದು ಛಾಯೆ ಗಾಢವಾದ ಪೌಡರ್ ಸೋಕಿಸಿದೆ. ಅಷ್ಟೆ. ನಾನು ಏನೂ ಹೇಳದೆ ಕನ್ನಡಿ ಕೊಟ್ಟೆ. ಹುಡುಗಿ ಬಹಳ ಹೊತ್ತು ನೋಡಿದಳು. ‘ಅಕ್ಕ, ಇದು ಇಲ್ಲೇ ಅದೆ, ಆದ್ರೆ ಇಲ್ಲ’ ಅಂದಳು.

ಲೈನರಿನದು ದೊಡ್ಡ ಕತೆಯಲ್ಲ. ತುಟಿಯ ಸಹಜ ಬಣ್ಣಕ್ಕೆ ಹತ್ತಿರದ ಕಂದುಗುಲಾಬಿ ಪೆನ್ಸಿಲ್, ಚೂಪು ಮಾಡಿದ್ದು. ಬಿಲ್ಲಿನ ಮೇಲೆ ಇಂಟೂ ಗುರುತು ಹಾಕಿ ಶುರು ಮಾಡಿ ಅಂತ ಎಲ್ಲರೂ ಕಲಿಸುತ್ತಾರೆ. ತುಟಿಯ ನಡು ಮುಖದ ನಡುವಿನಲ್ಲೇ ಇದ್ದರೆ ಆ ಇಂಟೂ ಸರಿ, ಇವಳಿಗೆ ಹಾಕಿದರೆ ಓರೆಯನ್ನೇ ಅಚ್ಚೊತ್ತಿದ ಹಾಗಾಗುತ್ತದೆ. ಚುಕ್ಕಿ ರಂಗೋಲಿಯ ದಾರಿಯೇ ವಾಸಿ. ಎರಡು ಏರಿಗೆ ಎರಡು ಚುಕ್ಕಿ, ದಾರದ ನೇರಕ್ಕೆ ನಡುತಗ್ಗಿನ ಒಂದು ಚುಕ್ಕಿ, ಬಾಯಿಯ ಎರಡು ಮೂಲೆಗೆ ಎರಡು. ಆಮೇಲೆ ಸಣ್ಣ ಸಣ್ಣ ಎಳೆಗಳಿಂದ ಕೂಡಿಸುವುದು. ಹೊಲಿಗೆ ಗೆರೆ ಕೆಂಪನ್ನು ದಾಟುವ ಕಡೆ ಪೆನ್ಸಿಲ್ ತೊಡರುತ್ತದೆ. ಅಲ್ಲಿ ಎಳೆಯಬಾರದು, ಚುಕ್ಕಿಯಿಟ್ಟೇ ದಾಟಬೇಕು.

ಲಿಪ್‌ಸ್ಟಿಕ್ಕಿನ ಬಣ್ಣಕ್ಕೆ ಜಗಳವೇ ಆಯಿತು. ಧಾರೆಗೆ ಕೊಳ್ಳೇಗಾಲದ ರೇಷ್ಮೆ ಸೀರೆ, ರಕ್ತಗೆಂಪು, ಜರಿ ಅಂಚು. ಅದಕ್ಕೆ ಒಪ್ಪುವ ಕಡುಗೆಂಪು ಬೇಕು ಅಂತ ಅವಳ ಚಿಕ್ಕವ್ವ. ಕಡು ಬಣ್ಣ ಅಂಚನ್ನು ಕೊರೆದು ತೋರಿಸುತ್ತದೆ, ನಾವು ಬಿಟ್ಟ ಅರ್ಧ ಮಿಲಿಮೀಟರನ್ನೂ ಡಂಗುರ ಸಾರುತ್ತದೆ. ಹಾಗಂತ ತೀರಾ ತೆಳು ಬಣ್ಣ ಹಚ್ಚಿದರೆ ತುಟಿ ಹಿಂದೆ ಸರಿದು ಕಲೆ ಮುಂದೆ ಬರುತ್ತದೆ. ಮಾಗಿದ ಬಾರೆಹಣ್ಣಿನ ಕಂದುಗೆಂಪು ಎರಡಕ್ಕೂ ನಡುವೆ ನಿಂತಿತು. ಒಣಗಿ ಗಟ್ಟಿಯಾಗುವ ದ್ರವದ ಲಿಪ್‌ಸ್ಟಿಕ್ ಹೊಲಿಗೆಯ ಕಡೆ ಸಿಪ್ಪೆ ಏಳುತ್ತದೆ, ಗ್ಲಾಸ್ ಹಚ್ಚಿದರೆ ಹೊಲಿಗೆಯ ಸಣ್ಣ ತೋಡಿನೊಳಗೆ ಹರಿದು ಮೇಲೆ ಹತ್ತುತ್ತದೆ. ಮೆದುವಾದ ಕಡ್ಡಿ ಲಿಪ್‌ಸ್ಟಿಕ್ಕನ್ನೇ ಬ್ರಶ್ಶಿನಲ್ಲಿ ಹಚ್ಚಿ, ಟಿಶ್ಯೂ ಒತ್ತಿ, ಪೌಡರ್ ಸೋಕಿಸಿ, ಮತ್ತೆ ಹಚ್ಚಿದೆ. ಅಂಚಿನ ಕೆಳಗಿನ ಆ ಕಚ್ಚನ್ನು ಮಾತ್ರ ಯಾವ ಬಣ್ಣವೂ ತುಂಬುವುದಿಲ್ಲ, ಗಾಳಿಯ ಮೇಲೆ ಬರೆಯಲು ಬರುವುದಿಲ್ಲವಲ್ಲ. ಅಲ್ಲಿ ಬಣ್ಣವನ್ನು ಒಳಗಿನ ಒದ್ದೆ ಅಂಚಿನವರೆಗೂ ತಂದರೆ ಹಲ್ಲಿನ ಬಿಳುಪಿಗೂ ತುಟಿಗೂ ನಡುವಿನ ಮಸುಕು ಪಟ್ಟಿ ಹೋಗುತ್ತದೆ. ಕೆಳದುಟಿಯ ನಡುವಿಗೆ ಮಾತ್ರ ಒಂದು ಹನಿ ಗ್ಲಾಸ್ ಇಟ್ಟರೆ ನೋಡುವವರ ಕಣ್ಣು ಅಲ್ಲಿಗೆ ಇಳಿಯುತ್ತದೆ.

ಮದುವೆಯ ಹಿಂದಿನ ದಿನವೇ ನಾನೂ ಬೆಟ್ಟ ಹತ್ತಿದೆ. ಕತ್ತಲಾದ ಮೇಲೆ ಗುಂಬಳ್ಳಿ ಚೆಕ್‌ಪೋಸ್ಟ್ ದಾಟಲು ಬಿಡುವುದಿಲ್ಲ, ಹುಲಿಯ ಕಾಡು. ಮುಹೂರ್ತ ಬೆಳಿಗ್ಗೆ. ಬಿಳಿಕಲ್ಲಿನ ತುದಿಯಲ್ಲಿ, ಸುಮಾರು 5,000 ಅಡಿ ಎತ್ತರದಲ್ಲಿ ರಂಗನಾಥ ನಿಂತಿದ್ದಾನೆ. ಸೋಲಿಗರ ಹೆಣ್ಣು ಕುಸುಮಾಲೆಯನ್ನು ಅವನು ಕಟ್ಟಿಕೊಂಡನೆಂದು, ಅವರು ಅವನನ್ನು ಇವತ್ತಿಗೂ ಭಾವ ಅಂತಲೇ ಕರೆಯುವುದು.

ಸಂಜೆ ಅರಿಶಿನ ಶಾಸ್ತ್ರ ಮುಗಿದಿತ್ತು. ಬ್ರೈಡಲ್ ಮಾಡುವವರಿಗೆ ಈ ಅರಿಶಿನ ದೊಡ್ಡ ಪರೀಕ್ಷೆ. ಟ್ರಯಲ್ ದಿನ ಚರ್ಮಕ್ಕೆ ಸರಿಯಾಗಿ ಕೂತ ಕನ್ಸೀಲರ್, ಅರಿಶಿನ ಹಿಡಿದ ಮುಖದ ಮೇಲೆ ಗುಲಾಬಿಯಾಗಿ, ಒಮ್ಮೊಮ್ಮೆ ಬೂದಿಯಾಗಿ ಕಾಣುತ್ತದೆ. ತುಟಿಯ ಮೇಲಿನ ಜಾಗದಲ್ಲಂತೂ ಅತ್ತೆಯರು, ಅಜ್ಜಿಯರು ಪ್ರೀತಿಯಿಂದ ತಿಕ್ಕಿರುತ್ತಾರೆ. ಒಂದು ಛಾಯೆ ಹಳದಿ ಹೆಚ್ಚಿರುವ ಇನ್ನೊಂದು ಕನ್ಸೀಲರ್ ತಂದಿಟ್ಟುಕೊಂಡಿದ್ದೆ. ಆದರೂ ಕೊಬ್ಬರಿ ಎಣ್ಣೆಯಲ್ಲಿ ಹತ್ತಿ ಅದ್ದಿ, ಬಾಯಿಯ ಸುತ್ತ ಮೆಲ್ಲಗೆ ಒರೆಸುತ್ತ ಕೂತೆ. ತಾಯಿ ಪಕ್ಕದಲ್ಲಿ ಚಾಪೆಯ ಮೇಲೆ ಕೂತಿದ್ದರು. ಹುಡುಗಿಗೆ ಹಾಗೇ ಜೋಂಪು ಹತ್ತಿತು.

‘ನಂದೇ ತಪ್ಪು ಕಣವ್ವ’ ಅಂದರು ತಾಯಿ. ನಾನು ಒರೆಸುವುದನ್ನು ನಿಲ್ಲಿಸಲಿಲ್ಲ. ‘ಇವ್ಳು ಹೊಟ್ಟೇಲಿರೋವಾಗ ಗ್ರಹಣ ಬಂತು. ಸಂಜೆ ಹೊತ್ತು. ಒಳಗೇ ಕೂತಿರು, ಏನೂ ಕುಯ್ಬೇಡ ಅಂದಿದ್ರು ನಮ್ಮತ್ತೆ. ಗಂಡಸ್ರು ಹೊಲದಿಂದ ಬತ್ತರಲ್ಲ ಅಂತ ನಾನು ಬದನೆಕಾಯಿ ಕುಯ್ದೆ. ಇವ್ಳು ಹುಟ್ಟಿದ್ ದಿನ ನಮ್ಮತ್ತೆ ಮುಖ ನೋಡಿ ಹೊರಗೆ ಹೋದೋರು ಮೂರ್ ದಿನ ಒಳಗೆ ಬರ್ಲಿಲ್ಲ.’

ಗ್ರಹಣದಲ್ಲಿ ಬಸುರಿ ಏನಾದರೂ ಕತ್ತರಿಸಿದರೆ ಮಗುವಿನ ತುಟಿ ಸೀಳುತ್ತದೆ ಅನ್ನುವ ಮಾತನ್ನು ನಾನೂ ಚಿಕ್ಕಂದಿನಿಂದ ಕೇಳಿದವಳೇ. ಅದನ್ನು ಸುಳ್ಳು ಅಂತ ಹೇಳಿ ಪ್ರಯೋಜನವಿಲ್ಲ, ಇಪ್ಪತ್ತೈದು ವರ್ಷ ಯಾರಾದರೂ ಹೇಳಿಯೇ ಇರುತ್ತಾರೆ. ಯಾವ ಗ್ರಹಣ ಅಂತ ಕೇಳಿದೆ. ಮಗಳು ಹುಟ್ಟಿದ್ದು 1999ರ ಡಿಸೆಂಬರ್ ಕೊನೆಯ ವಾರ, ತಿಂಗಳು ತುಂಬಿಯೇ ಹುಟ್ಟಿದ್ದು. ಆ ವರ್ಷದ ಗ್ರಹಣ ಆಗಸ್ಟ್ 11ರದ್ದು. ದೇಶವೆಲ್ಲ ಮಾತಾಡಿದ ಸೂರ್ಯಗ್ರಹಣ, ನಮ್ಮ ಕಡೆ ಸಂಜೆ ಪಾರ್ಶ್ವವಾಗಿ ಕಂಡಿತ್ತು. ‘ಆವಾಗ ನಿಮಗೆ ಎಷ್ಟು ತಿಂಗಳು?’ ಅಂದೆ. ಅವರು ಬೆರಳು ಮಡಿಸಿ ಎಣಿಸಿದರು. ‘ಐದು. ಐದು ನಡೀತಿತ್ತು.’

ಮಗುವಿನ ಮೇಲ್ದುಟಿ ಒಂದೇ ತುಂಡಾಗಿ ಬೆಳೆಯುವುದಿಲ್ಲ. ನಡುವಿನಿಂದ ಒಂದು ಭಾಗ ಇಳಿಯುತ್ತದೆ, ಎರಡೂ ಪಕ್ಕದಿಂದ ಎರಡು ಭಾಗ ಬಂದು ಅದಕ್ಕೆ ಸೇರುತ್ತವೆ. ಮೂಗಿನ ಕೆಳಗಿನ ಆ ಕಾಲುವೆ, ಅದರ ಎರಡು ದಡ, ಬಿಲ್ಲು, ಎಲ್ಲಾ ಈ ಸೇರುವಿಕೆಯ ಗುರುತು. ಇದು ನಡೆಯುವುದು ಬಸಿರು ನಿಂತು ನಾಲ್ಕನೇ ವಾರದಿಂದ ಏಳನೇ ವಾರದೊಳಗೆ. ಎಷ್ಟೋ ಹೆಂಗಸರಿಗೆ ಮುಟ್ಟು ನಿಂತದ್ದು ಆಗಷ್ಟೇ ಖಾತ್ರಿಯಾಗಿರುತ್ತದೆ. ಆ ಹೊತ್ತಿಗೆ ಒಂದು ಪಕ್ಕ ಸೇರದೆ ಉಳಿದರೆ ಅದೇ ಸೀಳುತುಟಿ. ಕಾರಣ ಒಂದೇ ಅಂತ ಇಲ್ಲ, ವಂಶದಿಂದ ಬಂದದ್ದಿರಬಹುದು, ತಾಯಿಗೆ ಸಿಗದ ಪೋಷಕಾಂಶವಿರಬಹುದು, ಕೆಲವು ಔಷಧಿಗಳಿರಬಹುದು. ಎರಡು ಮೂರು ಸೇರಿಯೂ ಇರಬಹುದು. ಡಿಸೆಂಬರ್ ಕೊನೆಯಲ್ಲಿ ಹುಟ್ಟಿದ ಮಗುವಿನ ತುಟಿ ಸೇರಬೇಕಾದದ್ದು ಮೇ ತಿಂಗಳು ಮುಗಿಯುವುದರೊಳಗೆ. ಅವರು ಬದನೆಕಾಯಿ ಹೆಚ್ಚಿದ್ದು ಆಗಸ್ಟಿನಲ್ಲಿ.

ಇದನ್ನೇ, ಪುಸ್ತಕದ ಮಾತು ಬಿಟ್ಟು, ಹೇಳಿದೆ. ‘ಅವ್ವ, ಗ್ರಹಣ ಬರೋ ಹೊತ್ಗೆ ಈ ತುಟಿ ಹೀಗೇ ಆಗಿ ಎರಡು ತಿಂಗಳ ಮೇಲಾಗಿತ್ತು. ನೀವು ಬದನೆಕಾಯಿ ಕುಯ್ದಿದ್ರೂ ಇದು ಹೀಗೇ, ಕುಯ್ದೆ ಇದ್ರೂ ಹೀಗೇ.’

ಅವರು ಏನೂ ಹೇಳಲಿಲ್ಲ. ಇನ್ನೊಂದು ಸಲ ಬೆರಳು ಮಡಿಸುತ್ತಿದ್ದರು.

ಬೆಳಿಗ್ಗೆ ನಾಲ್ಕಕ್ಕೆ ಶುರು ಮಾಡಿದೆ. ತುಟಿಗೆ ಬಾಮ್ ಹಚ್ಚಿ ಇಪ್ಪತ್ತು ನಿಮಿಷ ನೆನೆಯಲು ಬಿಟ್ಟು, ಪೂರ್ತಿ ಒರೆಸಿ ತೆಗೆದೆ. ಜಿಡ್ಡು ಉಳಿದರೆ ಮೇಲೆ ಹಚ್ಚಿದ್ದೆಲ್ಲ ಜಾರುತ್ತದೆ. ಕೋಣೆಯಲ್ಲಿ ಟ್ಯೂಬ್‌ಲೈಟ್ ಒಂದೇ. ಅದರ ಬೆಳಕಿಗೆ ಹಳದಿ ಸರಿಯಾಗಿ ತಿಳಿಯುವುದಿಲ್ಲ, ಹಾಗಾಗಿ ತುಟಿಯನ್ನು ಕೊನೆಗೆ ಇಟ್ಟುಕೊಂಡೆ. ಬೆಳಕು ಹರಿಯುತ್ತಿದ್ದ ಹಾಗೆ ಕುರ್ಚಿಯನ್ನು ಬಾಗಿಲಿಗೆ ಎಳೆದು, ಮಂಜಿನ ಬೆಳಕಿನಲ್ಲಿ ದಾರ ಹಿಡಿದು ಚುಕ್ಕಿ ಇಟ್ಟೆ. ಕರೆಕ್ಟರ್, ಕನ್ಸೀಲರ್, ಪೌಡರ್, ಲೈನರ್, ಲಿಪ್‌ಸ್ಟಿಕ್, ಎಲ್ಲ ಟ್ರಯಲ್ ದಿನದ ಹಾಗೆಯೇ. ಕೊನೆಗೆ ಬಲ ದಡದ ಮೇಲೆ ಆ ಒಂದು ಎಳೆ. ಬೆಟ್ಟದ ತಂಪಿಗೆ ಬೆವರಿನ ಕಾಟ ಇರಲಿಲ್ಲ, ಆದರೆ ಗಾಳಿಗೆ ತುಟಿ ಒಣಗುತ್ತದೆ. ನಾಲಿಗೆಯಿಂದ ಸವರಿಕೊಳ್ಳಬೇಡ, ಬಾಯಾರಿದರೆ ಸ್ಟ್ರಾ ಹಾಕಿ ಕುಡಿ ಅಂತ ಹೇಳಿದ್ದೆ.

ಧಾರೆ ಮುಗಿಯುವವರೆಗೆ ಬಿಲ್ಲು ಅಲುಗಲಿಲ್ಲ. ಹೋಮದ ಹೊಗೆಗೆ ಅವಳ ಕಣ್ಣಲ್ಲಿ ನೀರು ಬಂದು ಕಾಡಿಗೆ ಇಳಿಯಿತು, ತುಟಿ ಹಾಗೇ ಇತ್ತು. ಹುಡುಗ ಅವಳ ಕಿವಿಯಲ್ಲಿ ಏನೋ ಹೇಳಿ ನಗಿಸಿದಾಗ ನಾನು ಮಾತ್ರ ಎಡ ಏರನ್ನು ನೋಡಿದೆ. ಮೇಲೆ ಹೋಯಿತು, ಜೊತೆಗೆ ಬಲದ್ದೂ ಹೋದ ಹಾಗೆ ಕಂಡಿತು.

ಊಟದ ಪಂಕ್ತಿಯಲ್ಲಿ ಹೋಳಿಗೆ ಬಂತು, ಮೇಲೆ ತುಪ್ಪ. ಎಣ್ಣೆ, ತುಪ್ಪ ತಾಗಿದರೆ ಕನ್ಸೀಲರ್ ಕರಗಿಯೇ ಕರಗುತ್ತದೆ, ಅದಕ್ಕೆ ಮದ್ದಿಲ್ಲ. ಊಟ ಮುಗಿಸಿ ಬಂದಾಗ ಎಡಗಡೆ ಪಟ್ಟಿ ಪೂರ್ತಿ ಹೋಗಿ ಅವಳ ಸ್ವಂತ ಏರು ಹೊರಗೆ ಬಂದಿತ್ತು. ಮೊದಲಿಂದ ಮಾಡಲು ಅರ್ಧ ಗಂಟೆ ಬೇಕು, ಹಾಗೇ ಮೇಲಿಂದ ಹಚ್ಚಿದರೆ ಜಿಡ್ಡಿನ ಮೇಲೆ ಮುದ್ದೆಯಾಗುತ್ತದೆ. ಬ್ಯಾಗು ತೆರೆದೆ. ಫೋಟೋದವರು ಎಲ್ಲರನ್ನೂ ನಿಲ್ಲಿಸಿ ಕರೆಯುತ್ತಿದ್ದರು. ‘ಕೆಳಗಿಂದಕ್ಕೆ ಒಂಚೂರ್ ಬಣ್ಣ ಹಚ್ಬುಡಿ ಅಕ್ಕ, ಸಾಕು’ ಅಂದಳು. ಎರಡೂ ತುಟಿ ಒರೆಸಿ, ಕೆಳದುಟಿಗೂ ಮೇಲ್ದುಟಿಯ ನಡುವಿಗೂ ಬೆರಳಲ್ಲೇ ತೆಳ್ಳಗೆ ಬಣ್ಣ ತಟ್ಟಿದೆ, ಅಂಚು ಬರೆಯಲಿಲ್ಲ. ಅಂಚಿಲ್ಲದ ಬಣ್ಣದಲ್ಲಿ ಏರುಪೇರು ಅಷ್ಟಾಗಿ ಕಾಣುವುದಿಲ್ಲ. ಅವಳು ಸೀರೆ ಎತ್ತಿ ಹಿಡಿದು ಮೆಟ್ಟಿಲ ಕಡೆಗೆ ಓಡಿದಳು.

ನಾನು ಬ್ರಶ್ಶುಗಳನ್ನು ಒರೆಸಿ ಎತ್ತಿಡುತ್ತಿದ್ದೆ. ತಾಯಿ ತಾಂಬೂಲದ ಚೀಲ ಹಿಡಿದು ಬಂದರು. ಅವರ ಹಿಂದೆ ವಯಸ್ಸಾದ ಒಬ್ಬರು, ಕೋಲೂರಿಕೊಂಡು, ಸಾವಕಾಶವಾಗಿ ಬರುತ್ತಿದ್ದರು.

‘ನಮ್ಮತ್ತೆ’ ಅಂದರು ತಾಯಿ. ಆಮೇಲೆ ದನಿ ತಗ್ಗಿಸದೆ ಕೇಳಿದರು: ‘ಎಷ್ಟನೇ ವಾರ ಅಂದ್ರಿ ಕಣವ್ವ ನೆನ್ನೆ ರಾತ್ರಿ? ಇವ್ರಿಗೂ ಒಂಚೂರ್ ಹೇಳಿ.’